ಅತಿಥಿಗಳ ಪಟ್ಟಿಯ ಕೆಳಗೆ ಉಳಿದ ಜಾಗ

ಕಾಲೇಜುಗಳ ರಕ್ತದಾನ ಶಿಬಿರದ ಪೋಸ್ಟರನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಉದ್ದೇಶ ಒಳ್ಳೆಯದು, ಬರೆದವರು ಮೇಷ್ಟ್ರು ಅಥವಾ ವಿದ್ಯಾರ್ಥಿಗಳು, ಖರ್ಚು ಕಡಿಮೆ, ಆಯುಸ್ಸು ಒಂದು ವಾರ. ಹೀಗಿರುವಾಗ ಅದರಲ್ಲಿ ತಪ್ಪು ಹುಡುಕುವುದು ಸಣ್ಣತನ ಎಂದು ಅನೇಕರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಒಂದು ಪೋಸ್ಟರನ್ನು ಓದಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ತನ್ನ ತೋಳಿನ ರಕ್ತನಾಳಕ್ಕೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪುತ್ತಾಳೆ ಎಂದರೆ, ಆ ಬರಹ ಸಿನಿಮಾ ಜಾಹೀರಾತಿಗಿಂತ, ಚುನಾವಣೆಯ ಕರಪತ್ರಕ್ಕಿಂತ ಹೆಚ್ಚು ಹೊಣೆ ಹೊತ್ತಿದೆ. ಆದ್ದರಿಂದ ಅದನ್ನು ಸಾಲು ಸಾಲಾಗಿ ನೋಡಬೇಕು.

ನೋಡುವುದಕ್ಕೆ ಒಂದು ಊರು ಬೇಕು. ಕಡಕೊಳವನ್ನು ತೆಗೆದುಕೊಳ್ಳೋಣ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮೇಲೆ, ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದ ಮೇಲೆ ಸಿಗುವ ಊರು. ಮೈಸೂರು–ಚಾಮರಾಜನಗರ ರೈಲುಮಾರ್ಗದಲ್ಲಿ ಅದಕ್ಕೊಂದು ನಿಲ್ದಾಣವಿದೆ, ಸುತ್ತ ಕೈಗಾರಿಕಾ ಪ್ರದೇಶವಿದೆ. ಇಂಥ ಊರಿನ ಕಾಲೇಜಿಗೆ ಒಂದು ಕಡೆಯಿಂದ ನಗರದ ಮಕ್ಕಳು, ಇನ್ನೊಂದು ಕಡೆಯಿಂದ ನಂಜನಗೂಡಿನ ಮತ್ತು ಸುತ್ತಲ ಹಳ್ಳಿಗಳ ಮಕ್ಕಳು ಬಸ್ಸಿನಲ್ಲಿ, ರೈಲಿನಲ್ಲಿ ಬರುತ್ತಾರೆ. ಅದೇ ರಸ್ತೆಯಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರೂ ಬಸ್ಸಿಗೆ ಕಾಯುತ್ತಾರೆ. ಇಲ್ಲಿ ಅಂಟಿಸಿದ ಪೋಸ್ಟರನ್ನು ಓದುವವರು ಇವರೇ. ಓದುವವರು ಯಾರು ಎಂಬುದು ಮುಂದೆ ಮುಖ್ಯವಾಗುತ್ತದೆ.

ನಾನು ಯಾವುದೇ ನಿಜವಾದ ಕಾಲೇಜಿನ ಪೋಸ್ಟರನ್ನು ಎದುರಿಗಿಟ್ಟುಕೊಂಡಿಲ್ಲ. ಮೈಸೂರು ಸೀಮೆಯಲ್ಲಿ ಎಲ್ಲರೂ ಕಂಡಿರುವ ಮಾದರಿಯನ್ನು ಕಡಕೊಳದ ಒಂದು ಪದವಿ ಕಾಲೇಜಿಗೆ ಹೊಂದಿಸಿ ಬರೆದರೆ ಹೀಗಿರುತ್ತದೆ:

ರಕ್ತದಾನ ಮಹಾದಾನ
ಬೃಹತ್ ಸ್ವಯಂಪ್ರೇರಿತ ರಕ್ತದಾನ ಶಿಬಿರ
ರಾಷ್ಟ್ರೀಯ ಸೇವಾ ಯೋಜನೆ, ಯುವ ರೆಡ್ ಕ್ರಾಸ್ ಹಾಗೂ ರೆಡ್ ರಿಬ್ಬನ್ ಘಟಕಗಳ ಸಂಯುಕ್ತ ಆಶ್ರಯದಲ್ಲಿ
ಉದ್ಘಾಟನೆ: ಶ್ರೀ …
ಅಧ್ಯಕ್ಷತೆ: ಪ್ರೊ. …
ಮುಖ್ಯ ಅತಿಥಿಗಳು: ಡಾ. …, ಶ್ರೀ …, ಶ್ರೀಮತಿ …
ಘನ ಉಪಸ್ಥಿತಿ: …
ದಿನಾಂಕ: 1-10-2026, ಸಮಯ: ಬೆಳಿಗ್ಗೆ 10 ಗಂಟೆಗೆ
ಸ್ಥಳ: ಕಾಲೇಜು ಸಭಾಂಗಣ
ರಕ್ತದಾನಿಗಳಿಗೆ ಪ್ರಮಾಣಪತ್ರ ಹಾಗೂ ಆಕರ್ಷಕ ಉಡುಗೊರೆ ನೀಡಲಾಗುವುದು
ಸರ್ವರೂ ಆಗಮಿಸಿ ಶಿಬಿರವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ

ಇದರ ಕಟ್ಟೋಣ ಲಗ್ನಪತ್ರಿಕೆಯದು. ಮೇಲೆ ಮಂಗಳವಾಕ್ಯ, ಆಮೇಲೆ ಕರೆಯುವವರು, ಆಮೇಲೆ ಹಿರಿಯರ ಹೆಸರು, ಆಮೇಲೆ ಮುಹೂರ್ತ, ಕೊನೆಗೆ ಬಂದು ಹರಸಿ ಎಂಬ ಮಾತು. ಲಗ್ನಪತ್ರಿಕೆಗೆ ಈ ಕ್ರಮ ಸರಿ. ಅಲ್ಲಿ ಬರುವವರು ಅಕ್ಷತೆ ಹಾಕಿ ಊಟ ಮಾಡಿ ಹೋದರೆ ಸಾಕು, ಅವರಿಂದ ಬೇರೇನೂ ಬೇಕಿಲ್ಲ. ರಕ್ತದಾನಕ್ಕೆ ಬರುವವರು ಹಿಂದಿನ ರಾತ್ರಿಯಿಂದಲೇ ಸಿದ್ಧರಾಗಿ ಬರಬೇಕು. ಈ ಹಾಳೆಯಲ್ಲಿ ಆ ಸಿದ್ಧತೆಯ ಬಗ್ಗೆ ಒಂದು ಪದವೂ ಇಲ್ಲ. ನನ್ನ ಮುಖ್ಯ ತಕರಾರು ಇದೇ.

ಮೊದಲು ತಲೆಬರಹ. ‘ರಕ್ತದಾನ ಮಹಾದಾನ’ ಕೆಟ್ಟ ಮಾತಲ್ಲ. ಎರಡೇ ಪದ, ಪ್ರಾಸವಿದೆ, ಬಾಯಲ್ಲಿ ನಿಲ್ಲುತ್ತದೆ. ಅನ್ನದಾನ, ವಿದ್ಯಾದಾನಗಳ ಸಾಲಿಗೆ ರಕ್ತವನ್ನೂ ಸೇರಿಸಿ, ಭಯಪಡುತ್ತಿದ್ದ ಒಂದು ಸಮಾಜವನ್ನು ಒಪ್ಪಿಸಿದ ಶ್ರೇಯಸ್ಸು ಅದಕ್ಕಿದೆ. ಆದರೆ ಅದು ಯಾರನ್ನೂ ಕರೆಯುವುದಿಲ್ಲ. ಯಾವ ದಿನ, ಯಾರು, ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ಆಟೋ ಹಿಂದೆ, ಆಸ್ಪತ್ರೆ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ ಅದನ್ನೇ ನೋಡಿ ನೋಡಿ ಕಣ್ಣು ಅದರ ಮೇಲೆ ನಿಲ್ಲುವುದನ್ನು ಬಿಟ್ಟಿದೆ. ಪೋಸ್ಟರಿನ ಅತಿ ದೊಡ್ಡ ಅಕ್ಷರಗಳನ್ನು ಇಂಥ ಮಾತಿಗೆ ಕೊಟ್ಟರೆ, ಬಸ್ಸಿನ ಕಿಟಕಿಯಿಂದ ಓದುವವನಿಗೆ ಸಿಗುವುದು ಅವನಿಗೆ ಮೊದಲೇ ಗೊತ್ತಿದ್ದ ವಿಷಯ ಮಾತ್ರ.

ಈಚೆಗೆ ಇದರ ಬದಲು ‘ಒಂದು ಯೂನಿಟ್ ರಕ್ತ, ಮೂರು ಜೀವ’ ಎಂಬ ತಲೆಬರಹ ಜನಪ್ರಿಯವಾಗಿದೆ. ಇದರಲ್ಲಿ ಅರ್ಧ ನಿಜವಿದೆ. ತೆಗೆದುಕೊಂಡ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರೆ ಮಾಡಬಹುದು, ಮೂರನ್ನೂ ಮೂವರು ರೋಗಿಗಳಿಗೆ ಕೊಡಬಹುದು. ಅದಕ್ಕೆ ರಕ್ತನಿಧಿಯಲ್ಲಿ ಘಟಕಗಳನ್ನು ಬೇರ್ಪಡಿಸುವ ಸೌಲಭ್ಯ ಇರಬೇಕು, ಸಂಗ್ರಹಿಸಿದ ಕೆಲವೇ ಗಂಟೆಗಳಲ್ಲಿ ಚೀಲ ಅಲ್ಲಿಗೆ ತಲುಪಬೇಕು. ಕಡಕೊಳದಿಂದ ಮೈಸೂರಿನ ಆಸ್ಪತ್ರೆಗಳು ಹತ್ತಿರವಿರುವುದರಿಂದ ಇದು ಸಾಧ್ಯ. ಆದರೆ ‘ಜೀವ ಉಳಿಯುತ್ತದೆ’ ಎಂಬ ಎಣಿಕೆ ಮಾತ್ರ ಸರಿಯಲ್ಲ. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದ ತಾಯಿಗೆ ಒಂದೇ ದಿನ ಹಲವು ಚೀಲ ಬೇಕಾಗಬಹುದು. ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಬೇಕು. ಒಂದು ಚೀಲಕ್ಕೆ ಮೂರು ಜೀವ ಎಂದು ಹೇಳಿಸಿಕೊಂಡ ಹುಡುಗ, ತಾನು ಕೊಟ್ಟಿದ್ದಾಯಿತು, ಲೆಕ್ಕ ಮುಗಿಯಿತು ಎಂದುಕೊಂಡರೆ ತಪ್ಪು ಅವನದಲ್ಲ. ಆ ಮಗುವಿಗೆ ಬೇಕಾಗಿರುವುದು ಮತ್ತೆ ಮತ್ತೆ ಬರುವ ದಾನಿ. ಮೊದಲ ಪೋಸ್ಟರೇ ಉತ್ಪ್ರೇಕ್ಷೆಯಿಂದ ಶುರುವಾದರೆ ಎರಡನೆಯ ಸಲ ಅವನನ್ನು ಕರೆಯಲು ಮಾತು ಉಳಿಯುವುದಿಲ್ಲ.

ಇದಕ್ಕಿಂತ ಹೆಚ್ಚು ಕೋಪ ಬರಿಸುವುದು ‘ರಕ್ತದಾನದ ಲಾಭಗಳು’ ಎಂಬ ಚೌಕ. ಹೃದಯಾಘಾತ ತಪ್ಪುತ್ತದೆ, ಕ್ಯಾನ್ಸರ್ ಬರುವುದಿಲ್ಲ, ತೂಕ ಇಳಿಯುತ್ತದೆ ಎಂದೆಲ್ಲ ಅದರಲ್ಲಿ ಇರುತ್ತದೆ. ಇವುಗಳಿಗೆ ಗಟ್ಟಿ ಆಧಾರವಿಲ್ಲ. ರಕ್ತ ಕೊಡುವವರು ಮೊದಲೇ ಆರೋಗ್ಯವಂತರು. ಕೊಡಲು ಅರ್ಹರಾದವರನ್ನು ಅರ್ಹರಲ್ಲದವರ ಜೊತೆ ಹೋಲಿಸಿ ಅವರು ಹೆಚ್ಚು ಆರೋಗ್ಯವಾಗಿದ್ದಾರೆ ಎಂದರೆ ಅದು ರಕ್ತದಾನದ ಫಲವೆಂದು ಹೇಗೆ ಹೇಳುವುದು? ವಿಜ್ಞಾನ ಕಲಿಸುವ ಸಂಸ್ಥೆಯ ಗೋಡೆಯ ಮೇಲೆ ಆ ಚೌಕ ಇರಬಾರದು.

ಈಗ ‘ಬೆಳಿಗ್ಗೆ 10 ಗಂಟೆಗೆ’ ಎಂಬ ಸಾಲಿಗೆ ಬರುತ್ತೇನೆ. ನೋಡಲು ಏನೂ ಇಲ್ಲದ ಸಾಲು. ಹತ್ತು ಗಂಟೆ ಎಂದರೆ ದೀಪ ಬೆಳಗುವ ಹೊತ್ತು. ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ ನುಡಿ, ಅತಿಥಿಗಳ ಭಾಷಣ, ಸನ್ಮಾನ, ವಂದನಾರ್ಪಣೆ ಮುಗಿದು ಮೊದಲ ಸೂಜಿ ಚುಚ್ಚುವ ಹೊತ್ತಿಗೆ ಹನ್ನೊಂದೂವರೆ. ಹಳ್ಳಿಯಿಂದ ಬರುವ ಹುಡುಗಿ ಏಳು ಗಂಟೆಯ ಬಸ್ಸಿಗೆ ಮನೆ ಬಿಟ್ಟಿರುತ್ತಾಳೆ. ಅವಳು ಆರೂವರೆಗೆ ಒಂದು ಲೋಟ ಕಾಫಿ ಕುಡಿದಿರಬಹುದು, ಅಥವಾ ಏನನ್ನೂ ತಿನ್ನದೆ ಡಬ್ಬಿಯಲ್ಲಿ ಚಿತ್ರಾನ್ನ ತಂದಿರಬಹುದು. ಹಸಿದ ಹೊಟ್ಟೆಯಲ್ಲಿ, ನೀರು ಕುಡಿಯದೆ, ಸಭಾಂಗಣದ ಸೆಕೆಯಲ್ಲಿ ನಿಂತು ರಕ್ತ ಕೊಟ್ಟರೆ ತಲೆಸುತ್ತು ಬರುತ್ತದೆ. ರಕ್ತದೊತ್ತಡ ಒಮ್ಮೆಗೇ ಇಳಿದು, ನಾಡಿ ನಿಧಾನವಾಗಿ, ಮುಖ ಬಿಳಿಚಿ, ಬೆವರಿ ಕುಸಿಯುವುದು ಇದರ ಲಕ್ಷಣ. ಮೊದಲ ಸಲ ಕೊಡುವವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ, ತೂಕ ಕಡಿಮೆ ಇರುವವರಲ್ಲಿ, ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಕಾಲೇಜು ಶಿಬಿರಕ್ಕೆ ಬರುವವರು ಈ ನಾಲ್ಕರಲ್ಲಿ ಒಂದಾದರೂ ಆಗಿರುತ್ತಾರೆ. ಅಪಾಯ ದೊಡ್ಡದಲ್ಲ, ಕಾಲು ಮೇಲೆತ್ತಿ ಮಲಗಿಸಿದರೆ ಸಾಮಾನ್ಯವಾಗಿ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಗೆಳತಿ ಬಿದ್ದದ್ದನ್ನು ನೋಡಿದ ಸಾಲಿನಲ್ಲಿರುವವರು ಹಿಂದಕ್ಕೆ ಹೋಗುತ್ತಾರೆ, ಬಿದ್ದವಳು ಇನ್ನೆಂದೂ ಬರುವುದಿಲ್ಲ. ‘ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಬನ್ನಿ’ ಎಂಬ ಒಂದು ಸಾಲು ಇದರಲ್ಲಿ ಬಹಳಷ್ಟನ್ನು ತಪ್ಪಿಸುತ್ತದೆ. ಅತಿಥಿಗಳ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟರೆ ಆ ಸಾಲಿಗೆ ಜಾಗ ಸಿಗುತ್ತದೆ.

ಸಮಯದ ಸಾಲಿನಲ್ಲಿ ಇನ್ನೊಂದು ದೋಷವಿದೆ: ಅದಕ್ಕೆ ಮುಕ್ತಾಯವಿಲ್ಲ. ರಕ್ತನಿಧಿಗಳನ್ನು ನಿಯಂತ್ರಿಸುವ ಔಷಧ ನಿಯಮಗಳು ಶಿಬಿರಕ್ಕೆ ಬೇಕಾದ ಸಿಬ್ಬಂದಿಯನ್ನು ಹೇಳುವಾಗ ಒಂದು ಅಳತೆ ಇಟ್ಟುಕೊಂಡಿವೆ. ಸುಮಾರು ಮೂರು ಗಂಟೆಯಲ್ಲಿ 50ರಿಂದ 70 ಮಂದಿ, ಐದು ಗಂಟೆಯಲ್ಲಿ 100ರಿಂದ 120 ಮಂದಿ. ಅದಕ್ಕೆ ಒಬ್ಬ ವೈದ್ಯಾಧಿಕಾರಿ, ಇಬ್ಬರು ದಾದಿಯರು, ಆರರಿಂದ ಎಂಟು ಮಂಚ. ‘ಬೃಹತ್’ ಎಂದು ಬರೆದು ಇಡೀ ಕಾಲೇಜನ್ನು ಹತ್ತು ಗಂಟೆಗೆ ಕರೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಮುನ್ನೂರು ಮಂದಿ ಸಾಲು ನಿಲ್ಲುತ್ತಾರೆ, ಮಧ್ಯಾಹ್ನದೊಳಗೆ ಎಪ್ಪತ್ತು ಮಂದಿಯ ಸರದಿ ಮುಗಿಯುತ್ತದೆ, ಉಳಿದವರು ಕ್ಯಾಂಟೀನಿಗೆ ಹೋಗುತ್ತಾರೆ. ಸಂಜೆಯ ವರದಿಯಲ್ಲಿ ‘ಮುನ್ನೂರು ವಿದ್ಯಾರ್ಥಿಗಳು ಭಾಗವಹಿಸಿದ್ದರು’ ಎಂದಿರುತ್ತದೆ. ರಕ್ತನಿಧಿಯ ಪೆಟ್ಟಿಗೆಯಲ್ಲಿ ಇರುವುದು ಬೇರೆ ಸಂಖ್ಯೆ.

ಎಪ್ಪತ್ತು ಮಂದಿಯ ಸರದಿ ಬಂದರೂ ಎಪ್ಪತ್ತು ಚೀಲ ತುಂಬುವುದಿಲ್ಲ. ತಪಾಸಣೆಯಲ್ಲಿ ಹಿಂದೆ ಕಳಿಸಲ್ಪಡುವವರು ಇರುತ್ತಾರೆ. ಅವರಲ್ಲಿ ಹಲವರಿಗೆ ಪೋಸ್ಟರೇ ಮೊದಲು ಹೇಳಬಹುದಿತ್ತು. ರಾಷ್ಟ್ರೀಯ ರಕ್ತ ವರ್ಗಾವಣೆ ಪರಿಷತ್ತು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ದಾನಿಗೆ 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಒಂದೇ ಆವರಣದಲ್ಲಿ ಪಿಯು ಮತ್ತು ಪದವಿ ಕಾಲೇಜು ಎರಡೂ ಇದ್ದರೆ ‘ಸರ್ವರೂ ಆಗಮಿಸಿ’ ಎಂಬ ಮಾತು ಹದಿನಾರು ಹದಿನೇಳರ ಮಕ್ಕಳನ್ನೂ ಕರೆಯುತ್ತದೆ. ಪದವಿಯ ಮೊದಲ ವರ್ಷದಲ್ಲೂ ಹದಿನೆಂಟು ತುಂಬದವರು ಇರುತ್ತಾರೆ. ಅವರಲ್ಲಿ ಉತ್ಸಾಹಿಗಳು ವಯಸ್ಸು ಹೆಚ್ಚಿಸಿ ಹೇಳಿಬಿಡುವ ಸಾಧ್ಯತೆಯೂ ಇದೆ. ಅದಕ್ಕೇ ಗುರುತಿನ ಚೀಟಿ ಕೇಳಬೇಕು, ಕೇಳುತ್ತೇವೆಂದು ಪೋಸ್ಟರಿನಲ್ಲಿ ಬರೆಯಬೇಕು.

ತೂಕದ ಮಿತಿಗೆ ಕಾರಣವಿದೆ, ಅದನ್ನು ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ. ಮೈಯಲ್ಲಿರುವ ರಕ್ತ ತೂಕಕ್ಕೆ ತಕ್ಕಂತೆ ಇರುತ್ತದೆ. 50 ಕೆ.ಜಿ. ಇರುವವರಲ್ಲಿ ಸುಮಾರು ಮೂರೂವರೆ ಲೀಟರ್. ಅದರಲ್ಲಿ 350 ಮಿಲಿಲೀಟರ್ ತೆಗೆದರೆ ಹತ್ತನೆಯ ಒಂದು ಪಾಲು ಹೋಯಿತು. 55 ಕೆ.ಜಿ.ಗಿಂತ ಹೆಚ್ಚಿರುವವರಿಂದ 450 ಮಿಲಿಲೀಟರ್ ತೆಗೆಯಬಹುದು. 42 ಕೆ.ಜಿ. ಹುಡುಗಿಯ ಲೆಕ್ಕದಲ್ಲಿ ಪಾಲು ದೊಡ್ಡದಾಗುತ್ತದೆ, ಅವಳು ಬೀಳುವ ಸಂಭವವೂ ಹೆಚ್ಚುತ್ತದೆ.

ಹಿಮೋಗ್ಲೋಬಿನ್ನಿನ ವಿಷಯ ಹೆಚ್ಚು ಸೂಕ್ಷ್ಮ. ಶಿಬಿರಗಳಲ್ಲಿ ಅನೇಕ ಕಡೆ ಇಂದಿಗೂ ನೀಲಿ ಬಣ್ಣದ ಮೈಲುತುತ್ತದ ದ್ರಾವಣಕ್ಕೆ ಬೆರಳಿನ ಒಂದು ಹನಿ ರಕ್ತ ಬಿಟ್ಟು ನೋಡುತ್ತಾರೆ. ದ್ರಾವಣದ ಸಾಂದ್ರತೆಯನ್ನು 1.053ಕ್ಕೆ ಹೊಂದಿಸಿರುತ್ತಾರೆ, ಹನಿ ಮುಳುಗಿದರೆ 12.5 ಇದೆ, ತೇಲಿದರೆ ಇಲ್ಲ. ಇಲ್ಲಿ ಬಹಳ ಹೆಣ್ಣುಮಕ್ಕಳ ಹನಿ ತೇಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಯ ಗಡಿ 12, ದಾನದ ಗಡಿ 12.5, ಅಂದರೆ ರಕ್ತಹೀನತೆ ಇಲ್ಲದವರಲ್ಲೂ ಕೆಲವರು ಇಲ್ಲಿ ತಡೆಯಲ್ಪಡುತ್ತಾರೆ. ಮುಂದೆ ಬಂದು, ಹೆಸರು ಬರೆಸಿ, ಎಲ್ಲರ ಎದುರಿಗೆ ‘ನಿಮ್ಮದು ಆಗೋಲ್ಲಮ್ಮ’ ಎನ್ನಿಸಿಕೊಂಡು ಹೋದ ಹುಡುಗಿ ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಳ್ಳುತ್ತಾಳೆ. ಪೋಸ್ಟರಿನಲ್ಲಿ ಇದಕ್ಕೆ ಒಂದು ಸಾಲು ಬೇಕು: ಬೆರಳಿನ ಹನಿಯಿಂದ ಹಿಮೋಗ್ಲೋಬಿನ್ ನೋಡುತ್ತೇವೆ, ಕಡಿಮೆ ಇದ್ದರೆ ಏನು ಮಾಡಬೇಕೆಂದು ಡಾಕ್ಟರು ಹೇಳುತ್ತಾರೆ. ಆಗ ಬರಿಗೈಯಲ್ಲಿ ಹಿಂದಿರುಗುವ ಬದಲು ಅವಳಿಗೆ ತನ್ನ ಬಗ್ಗೆ ಒಂದು ಉಪಯುಕ್ತ ವಿಷಯ ತಿಳಿದಂತಾಗುತ್ತದೆ.

ಆದರೆ ಇದೇ ತರ್ಕವನ್ನು ಹಿಗ್ಗಿಸಿ ‘ಉಚಿತ ಎಚ್‌ಐವಿ ಪರೀಕ್ಷೆ’ ಎಂದು ಬರೆಯುವುದು ಅಪಾಯ. ದಾನವಾಗಿ ಬಂದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕೆ ಪರೀಕ್ಷಿಸುವುದು ಕಡ್ಡಾಯ, ನಿಜ. ಅದು ರೋಗಿಯ ರಕ್ಷಣೆಗಾಗಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ತನಗೆ ಸೋಂಕು ಇದೆಯೋ ಏನೋ ಎಂಬ ಭಯದಿಂದ, ಅದನ್ನು ತಿಳಿಯುವುದಕ್ಕಾಗಿಯೇ ರಕ್ತ ಕೊಡಲು ಬರುವವನು ಆ ದಿನಗಳಲ್ಲೇ ಬರುವ ಸಾಧ್ಯತೆ ಹೆಚ್ಚು. ಅವನ ಚೀಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರೋಗಿಗೆ ಹೋಗಬಹುದು. ಹಾಗಾಗಿ ಪರೀಕ್ಷೆ ಬೇಕಾದವರಿಗೆ ಬೇರೆ ದಾರಿ ತೋರಿಸಬೇಕು, ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಗುಟ್ಟಾಗಿ, ಹಣವಿಲ್ಲದೆ ಪರೀಕ್ಷೆ ಮಾಡುವ ಕೇಂದ್ರಗಳಿವೆ. ರಕ್ತದಾನದ ಪೋಸ್ಟರಿನಲ್ಲಿ ಆ ಆಮಿಷ ಇರಬಾರದು.

‘ಆಕರ್ಷಕ ಉಡುಗೊರೆ’ಯ ಮೇಲಿನ ನನ್ನ ಆಕ್ಷೇಪಕ್ಕೂ ಇದೇ ಮೂಲ. ಯಂತ್ರ ಹಿಡಿಯಲಾರದ್ದನ್ನು ಹಿಡಿಯುವುದು ದಾನಿ ತುಂಬುವ ಪ್ರಶ್ನಾವಳಿ. ಅದರಲ್ಲಿ ಅವನು ನಿಜ ಬರೆದರೆ ಮಾತ್ರ ರಕ್ತ ಸುರಕ್ಷಿತ. ಸುಳ್ಳು ಬರೆಯಲು ಅವನಿಗೆ ಕಾರಣವನ್ನು ನಾವೇ ಕೊಡಬಾರದು. ಈ ದೇಶ ಇದನ್ನು ಕಷ್ಟಪಟ್ಟು ಕಲಿತಿದೆ. ಹಣಕ್ಕೆ ರಕ್ತ ಮಾರುವವರು ಹಸಿವಿಗಾಗಿ ಕಾಯಿಲೆ ಮುಚ್ಚಿಟ್ಟು ಕೊಡುತ್ತಿದ್ದ ಕಾಲವಿತ್ತು. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ರಕ್ತ ಮಾರಾಟ ನಿಷೇಧವಾಯಿತು. ಕಾಲೇಜಿನಲ್ಲಿ ಹಣವಿಲ್ಲ, ಆದರೆ ಹಣದ ಕೆಲಸ ಮಾಡುವ ಬೇರೆ ಸಂಗತಿಗಳಿವೆ: ಹೆಲ್ಮೆಟ್ಟು, ಬ್ಯಾಗು, ಹಾಜರಾತಿ, ಆಂತರಿಕ ಅಂಕ, ‘ನಮ್ಮ ಕ್ಲಾಸಿನಿಂದ ಇಪ್ಪತ್ತು ಜನ ಆಗಲೇಬೇಕು’ ಎಂಬ ಗುರಿ. ಪ್ರಮಾಣಪತ್ರ ಕೊಡಿ, ಜೇಬಿನಲ್ಲಿಡುವ ದಾನಿ ಕಾರ್ಡು ಕೊಡಿ, ಬಿಸ್ಕತ್ತು ಜ್ಯೂಸು ಕೊಡಿ, ಅದು ಸರಿ. ಪೋಸ್ಟರಿನಲ್ಲಿ ಉಡುಗೊರೆಯನ್ನು ಮುಂದೆ ಮಾಡಿ ಕರೆಯುವುದು, ಪಕ್ಕದಲ್ಲೇ ‘ಸ್ವಯಂಪ್ರೇರಿತ’ ಎಂದು ಬರೆಯುವುದು, ಎರಡೂ ಒಂದೇ ಹಾಳೆಯಲ್ಲಿ ಕೂಡಲಾರವು.

ಇಷ್ಟನ್ನೂ ಮನಸ್ಸಿನಲ್ಲಿಟ್ಟು ಅದೇ ಕಾಲೇಜಿಗೆ, ಅದೇ ದಿನಕ್ಕೆ ನಾನು ಬರೆಯುವ ಪೋಸ್ಟರು ಇದು:

ಹದಿನೆಂಟು ತುಂಬಿದೆಯೇ? ಗುರುವಾರ ರಕ್ತ ಕೊಡಬಹುದು.

ಅಕ್ಟೋಬರ್ 1, ಗುರುವಾರ, ಬೆಳಿಗ್ಗೆ 9.30ರಿಂದ 12.30
ಕಾಲೇಜಿನ ನೆಲಮಹಡಿ ಸಭಾಂಗಣ, ಕಡಕೊಳ
ರಕ್ತ ಸಂಗ್ರಹ: (ರಕ್ತನಿಧಿ ಕೇಂದ್ರದ ಹೆಸರು), ಮೈಸೂರು

ತೂಕ 45 ಕೆ.ಜಿ. ಅಥವಾ ಹೆಚ್ಚಿರಲಿ. ಹಿಂದೆ ಕೊಟ್ಟಿದ್ದರೆ ಗಂಡಸರಿಗೆ 90, ಹೆಂಗಸರಿಗೆ 120 ದಿನ ಕಳೆದಿರಲಿ.
ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಬೆಳಿಗ್ಗೆ ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಬನ್ನಿ. ಗುರುತಿನ ಚೀಟಿ ತನ್ನಿ.
ಈ ಸಲ ಬೇಡ: ಜ್ವರ, ನೆಗಡಿ ಇದ್ದರೆ, ಉಪವಾಸವಿದ್ದರೆ, ರಾತ್ರಿ ಪಾಳಿ ಮುಗಿಸಿ ನಿದ್ದೆ ಮಾಡಿರದಿದ್ದರೆ, ಒಂದು ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡಿದ್ದರೆ, ಕಿವಿ ಮೂಗು ಚುಚ್ಚಿಸಿಕೊಂಡಿದ್ದರೆ, ಡೆಂಗಿ ವಾಸಿಯಾಗಿ ಆರು ತಿಂಗಳಾಗಿರದಿದ್ದರೆ.
ಚೀಲ ತುಂಬಲು ಹತ್ತು ನಿಮಿಷ. ತಪಾಸಣೆ, ವಿಶ್ರಾಂತಿ ಸೇರಿ ಒಂದು ಗಂಟೆ.
ಬೇಡವೆನ್ನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಯಾರೂ ಕಾರಣ ಕೇಳುವುದಿಲ್ಲ.

ನಿಮ್ಮ ತರಗತಿಯ ಎನ್ನೆಸ್ಸೆಸ್ ಪ್ರತಿನಿಧಿಗೆ ಮಂಗಳವಾರದೊಳಗೆ ಹೆಸರು ಕೊಟ್ಟು, ನಿಮ್ಮ ಹೊತ್ತು ಗೊತ್ತುಮಾಡಿಕೊಳ್ಳಿ.

ತಲೆಬರಹ ಓದುಗನನ್ನೇ ಆರಿಸುತ್ತದೆ. ಹದಿನೇಳರವನಿಗೆ ಮೊದಲ ಸಾಲಿನಲ್ಲೇ ಉತ್ತರ ಸಿಕ್ಕಿತು, ಹದಿನೆಂಟು ತುಂಬಿದವನಿಗೆ ಈಗತಾನೇ ಬಂದ ಒಂದು ಹಕ್ಕಿನ ನೆನಪಾಯಿತು. ‘ಕೊಡಿ’ ಎನ್ನಬಹುದಿತ್ತು, ‘ಕೊಡಬಹುದು’ ಎಂದದ್ದು ಬೇಕೆಂದೇ. ಆಜ್ಞೆಯ ದನಿ ಮೇಷ್ಟ್ರ ಬಾಯಿಂದ ಬಂದರೆ ಒತ್ತಾಯವಾಗುತ್ತದೆ. ಕೊನೆಯ ಕರೆಯಲ್ಲಿ ‘ಶಿಬಿರವನ್ನು ಯಶಸ್ವಿಗೊಳಿಸಿ’ ಎಂಬ ಮಾತಿಲ್ಲ. ಆ ಮಾತು ಶಿಬಿರ ನಡೆಸುವವರ ಚಿಂತೆ, ವಿದ್ಯಾರ್ಥಿಯದಲ್ಲ. ಅವನು ಮಾಡಬೇಕಾದ ಒಂದೇ ಕೆಲಸ, ಯಾರ ಹತ್ತಿರ, ಯಾವ ದಿನದೊಳಗೆ ಎಂಬುದಷ್ಟೇ ಅಲ್ಲಿದೆ. ಹೆಸರು ಮೊದಲೇ ಬಂದರೆ ಇಪ್ಪತ್ತು ಇಪ್ಪತ್ತರಂತೆ ಗಂಟೆಗಳನ್ನು ಹಂಚಬಹುದು, ರಕ್ತನಿಧಿಯವರಿಗೆ ಎಷ್ಟು ಚೀಲ ತರಬೇಕೆಂದು ಹೇಳಬಹುದು.

ನನ್ನ ಪೋಸ್ಟರಿನಲ್ಲೂ ತೊಡಕಿದೆ. ‘ಈ ಸಲ ಬೇಡ’ ಎಂಬ ಸಾಲು ಉದ್ದವಾಯಿತು, ದೂರದಿಂದ ಓದಲಾಗುವುದಿಲ್ಲ. ಮಾರ್ಗಸೂಚಿಯಲ್ಲಿರುವ ಎಲ್ಲ ತಡೆಗಳನ್ನೂ ಬರೆಯಹೊರಟರೆ ಪೋಸ್ಟರು ಹೋಗಿ ಪುಸ್ತಕವಾಗುತ್ತದೆ. ಆದ್ದರಿಂದ ಆರಿಸಬೇಕು, ಆರಿಸುವುದು ಊರನ್ನು ನೋಡಿ. ರಾತ್ರಿ ಪಾಳಿಯನ್ನು ಸೇರಿಸಿದ್ದು ಕಡಕೊಳದ ಕಾರ್ಖಾನೆಗಳಿಂದಾಗಿ. ಓದಿನ ಜೊತೆ ದುಡಿಯುವ ಹುಡುಗರಿಗೂ, ಬಸ್ ನಿಲ್ದಾಣದಲ್ಲಿ ಓದಿ ಬರುವ ಹೊರಗಿನವರಿಗೂ ಅದು ಬೇಕು. ಡೆಂಗಿ ಸೇರಿಸಿದ್ದು ಮಳೆಗಾಲದ ಬೆನ್ನಿಗೇ ಶಿಬಿರ ಇರುವುದರಿಂದ. ಹಚ್ಚೆಯ ಸಾಲು ಇಂದಿನ ಹುಡುಗರ ತೋಳು ನೋಡಿದರೆ ಯಾಕೆಂದು ತಿಳಿಯುತ್ತದೆ. ಮುಟ್ಟಿನ ದಿನಗಳಲ್ಲಿ, ಹೆರಿಗೆಯಾದ ಒಂದು ವರ್ಷದೊಳಗೆ ಕೊಡಬಾರದು ಎಂಬುದನ್ನು ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಯಲ್ಲಿ ಅಂಟಿಸುವ ಬೇರೆ ಚೀಟಿಯಲ್ಲಿ ಬರೆಯುವುದು ಮೇಲು. ಎಲ್ಲರ ಎದುರಿಗೆ ಸಾಲಿನಿಂದ ಹೊರಗೆ ಬರುವುದಕ್ಕಿಂತ, ಅಲ್ಲೇ ಓದಿಕೊಂಡು ಮಂಗಳವಾರವೇ ಹೆಸರು ಕೊಡದೆ ಇರುವುದು ಅವರಿಗೆ ಸುಲಭ.

ಅಕ್ಷರದ ಬಗ್ಗೆ ಒಂದೇ ಮಾತು. ಕೆಂಪು ಅಕ್ಷರಕ್ಕೆ ಹಳದಿ ಅಂಚು, ಅದಕ್ಕೊಂದು ಕರಿ ನೆರಳು ಕೊಡುವ ಡಿಟಿಪಿ ಅಂಗಡಿಯ ರೂಢಿಯಲ್ಲಿ ಮೊದಲು ಹಾಳಾಗುವುದು ಒತ್ತಕ್ಷರ. ‘ರಕ್ತ’ದ ತಕಾರದ ಒತ್ತು ಕೆಳಗಿನ ಸಾಲಿಗೆ ತಗುಲಿ ಕಲೆಯಾಗುತ್ತದೆ. ಬಿಳಿ ಹಾಳೆ, ಒಂದೇ ಗಾಢ ಬಣ್ಣ, ಸಾಲುಗಳ ನಡುವೆ ಒತ್ತಿಗೆ ಜಾಗ ಇಷ್ಟಿದ್ದರೆ ಸಾಕು. ಸೂಜಿಯ ಚಿತ್ರ, ರಕ್ತ ತೊಟ್ಟಿಕ್ಕುವ ಚಿತ್ರ ಬೇಡ. ಹೆದರಿಕೊಂಡವರನ್ನು ಅವು ಇನ್ನಷ್ಟು ಹೆದರಿಸುತ್ತವೆ.

ದಿನಾಂಕವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಜೂನ್ 14 ವಿಶ್ವ ರಕ್ತದಾನಿಗಳ ದಿನ. ಕಾಲೇಜುಗಳೆಲ್ಲ ಈ ಎರಡು ದಿನಗಳ ಹಿಂದೆಮುಂದೆ ಶಿಬಿರ ಮಾಡುತ್ತವೆ. ಮೈಸೂರಿಗೆ ಅಕ್ಟೋಬರ್ 1 ಕಷ್ಟದ ದಿನವೂ ಹೌದು. 2025ರಲ್ಲಿ ಅದು ಆಯುಧಪೂಜೆಯ ದಿನವೇ ಆಗಿತ್ತು. ಅಂಥ ವರ್ಷ ನವರಾತ್ರಿಯ ಉಪವಾಸ ಹಿಡಿದವರು ಆ ವಾರ ಬರಲಾರರು. ಅದಕ್ಕಿಂತ ದೊಡ್ಡ ವಿಷಯವೆಂದರೆ ರಕ್ತ ಕೂಡಿಡುವ ವಸ್ತುವಲ್ಲ. ಪ್ಲೇಟ್‌ಲೆಟ್ ಐದು ದಿನ, ಕೆಂಪು ರಕ್ತಕಣ ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ. ಅಕ್ಟೋಬರ್ 1ರಂದು ತೆಗೆದ ಕೆಂಪುಕಣದ ಗಡುವು ನವೆಂಬರ್ 5ಕ್ಕೆ ಅಥವಾ 12ಕ್ಕೆ ಮುಗಿಯಿತು. ಏಪ್ರಿಲ್ ಮೇ ತಿಂಗಳಲ್ಲಿ ಕಾಲೇಜುಗಳಿಗೆ ಪರೀಕ್ಷೆ, ರಜೆ. ಆಸ್ಪತ್ರೆಗಳಲ್ಲಿ ಹೆರಿಗೆ, ಅಪಘಾತ, ಥಲಸ್ಸೇಮಿಯಾ ಎಂದಿನಂತೆ. ಎಲ್ಲರೂ ಒಂದೇ ವಾರ ಕೊಟ್ಟರೆ ಆ ವಾರ ಹೆಚ್ಚಾಗುತ್ತದೆ, ಬೇಸಿಗೆಯಲ್ಲಿ ಸಾಲದೆ ಬರುತ್ತದೆ. ಆದ್ದರಿಂದ ದಿನ ಗೊತ್ತುಮಾಡುವ ಮೊದಲು ಕಾಲೇಜು ರಕ್ತನಿಧಿಯವರನ್ನು ಕೇಳಬೇಕು, ಅತಿಥಿಗಳ ಡೈರಿಯನ್ನಲ್ಲ.

ಒಂದು ಶಿಬಿರದ ಪೋಸ್ಟರು ಒಂದೇ ಆಗಿರಬೇಕಿಲ್ಲ. ಗುರುವಾರ ಸಂಜೆ ಅದೇ ಗೋಡೆಯ ಮೇಲೆ, ಅದೇ ಅಳತೆಯ ಎರಡನೆಯ ಹಾಳೆ ಬರಬೇಕು. ಎಷ್ಟು ಮಂದಿ ಬಂದರು, ಎಷ್ಟು ಚೀಲ ತುಂಬಿದವು, ಯಾವ ರಕ್ತನಿಧಿಗೆ ಹೋದವು ಎಂಬ ಮೂರು ಸಾಲು, ಹೆಸರುಗಳಿಲ್ಲದೆ. ಅದರ ಕೆಳಗೆ ಮುಂದಿನ ದಿನಾಂಕ: ಗುರುವಾರ ಕೊಟ್ಟ ಹುಡುಗರು ಡಿಸೆಂಬರ್ 30ರಿಂದ, ಹುಡುಗಿಯರು ಜನವರಿ 29ರಿಂದ ಮತ್ತೆ ಕೊಡಬಹುದು; ಹಿಮೋಗ್ಲೋಬಿನ್ ಕಡಿಮೆ ಇದ್ದು ಹಿಂದಿರುಗಿದವರು ಡಾಕ್ಟರು ಹೇಳಿದ ಮಾತ್ರೆ ಮುಗಿಸಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು ಬರಬಹುದು. ಈ ಎರಡನೆಯ ಹಾಳೆಯನ್ನು ಪರೀಕ್ಷೆಯ ವೇಳಾಪಟ್ಟಿ ಹಾಕುವ ಫಲಕದ ಪಕ್ಕದಲ್ಲೇ ಅಂಟಿಸಿ, ಜನವರಿ ಮುಗಿಯುವವರೆಗೆ ತೆಗೆಯದೆ ಬಿಡಬೇಕು.